ನಾಡಿದ್ದಕ್ಕನ ಕನ್ನಡಕ

ಕನ್ನಡಕದಂಗಡಿಯ ಯಜಮಾನ ಗಿಡ್ಡ ಆಳು. ಇದನ್ನು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ, ಪಾರ್ಸೆಲ್ ಕಚೇರಿಯ ಕಿಟಕಿಯೇ ದಿನಾ ಹೇಳುತ್ತಿತ್ತು. ಆ ಕಿಟಕಿಯನ್ನು ಇಡಿಸಿದವರು ಗಿರಾಕಿಗಳೆಲ್ಲ ಕುದುರೆಯ ಮೇಲೆ ಕೂತೇ ಬರುತ್ತಾರೆ ಎಂದುಕೊಂಡಿರಬೇಕು. ಉಳಿದ ದಿನಗಳಲ್ಲಿ ಅವನು ತುದಿಗಾಲಲ್ಲಿ ನಿಂತು, ಗಲ್ಲವನ್ನು ಕಟ್ಟೆಗೆ ಆನಿಸಿ ಮಾತಾಡುತ್ತಿದ್ದ. ಆದರೆ ಆ ಸೋಮವಾರ, ತಿಂಗಳ ಎರಡನೇ ತಾರೀಕು, ಅವನಿಗೆ ಜಗಳವಾಡಬೇಕಿತ್ತು. ಗಲ್ಲ ಆನಿಸಿಕೊಂಡು ಜಗಳ ಆಡಲು ಬರುವುದಿಲ್ಲ. ಕಾಲ ಬಳಿ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಅದರ ಮೇಲೆ ಕೆಂಪಕ್ಷರದಲ್ಲಿ ಏನೋ ಬರೆದಿತ್ತು. ಓದುವ ಗೋಜಿಗೆ ಹೋಗದೆ ಹತ್ತಿ ನಿಂತ.

"ಶನಿವಾರ ಬರುತ್ತೆ ಅಂತ ನಿಮ್ಮ ಕಂಪ್ಯೂಟರೇ ತೋರಿಸ್ತು. ಇವತ್ತು ಸೋಮವಾರ. ನಾನು ಗಿರಾಕಿಗಳಿಗೆ ಕನ್ನಡಕದ ಬದಲು ಭೂತಗನ್ನಡಿ ಕೊಡ್ಲಾ?" ಎಂದು ಕೂಗಿದ. ಎತ್ತರ ಸಿಕ್ಕಿದ್ದರಿಂದ ಧ್ವನಿಗೂ ಒಂದು ಘನತೆ ಬಂದಿತ್ತು. ಹಿಂದೆ ಸಾಲಿನಲ್ಲಿದ್ದ ಏಳೆಂಟು ಜನ ಕಿವಿ ನಿಮಿರಿಸಿದರು.

ಕಿಟಕಿಯ ಒಳಗಿದ್ದ ಹೆಂಗಸು ಕಂಪ್ಯೂಟರಿನ ಪರದೆಗೆ ಮೂಗು ತಾಗಿಸಿ, "ನಂಬರ್ ಹೇಳಿ ಅಣ್ಣ" ಎಂದಳು.

ಹೇಳಿದ.

"ಬಂದಿದೆಯಲ್ಲ."

"ಎಲ್ಲಿ ಬಂದಿದೆ? ತೋರಿಸಿ ನೋಡೋಣ."

"ಅದರ ಮೇಲೇ ನಿಂತಿದೀರಿ."

ಸಾಲಿನಲ್ಲಿ ನಗೆ ಎದ್ದಿತು. ಕನ್ನಡಕದವನು ಮುಖ ಹುಳ್ಳಗೆ ಮಾಡಿಕೊಂಡು ಇಳಿದ. ಇಳಿಯುವಾಗ ಹಿಮ್ಮಡಿಯ ಕೆಳಗೆ ಪೆಟ್ಟಿಗೆ 'ಕಟಕ್' ಎಂದಿತು. ಸಣ್ಣ ಸದ್ದು. ಕೇಳಿಸಿದ್ದು ಅವನೊಬ್ಬನಿಗೇ.

ಅಂಗಡಿಗೆ ಒಯ್ದು ಬಿಚ್ಚಿದ. ಇಪ್ಪತ್ತನಾಲ್ಕು ಫ್ರೇಮುಗಳಿಗೆ ಏನೂ ಆಗಿರಲಿಲ್ಲ. ಮೇಲೆ ಇಟ್ಟಿದ್ದ ಒಂದೇ ಒಂದು ಜೊತೆ ಗಾಜಿನ ಲೆನ್ಸ್ ಲಕೋಟೆಯೊಳಗೆ ಪುಡಿಯಾಗಿತ್ತು. ಆರ್ಡರಿನೊಡನೆ ಅವನೇ ಕಳಿಸಿದ್ದ ಚೀಟಿ ಲಕೋಟೆಗೆ ಅಂಟಿತ್ತು, ಗಿರಾಕಿಯ ಗುರುತು ಅವನದೇ ಕೈಬರಹದಲ್ಲಿತ್ತು: 'ಪಾರ್ಸೆಲ್ ಕಿಟಕಿ, ಎರಡೂ ಕಣ್ಣು ಮೈನಸ್ ಹದಿನಾಲ್ಕು, ಜೊತೆಗೆ ಸಿಲಿಂಡರ್ ನಂಬರು.'

ಅಂದರೆ ಈಗಷ್ಟೇ ಅವನು ಯಾರ ಮೇಲೆ ಕೂಗಾಡಿದ್ದನೋ ಅವಳ ಕಣ್ಣನ್ನೇ ಮೆಟ್ಟಿ ನಿಂತು ಕೂಗಾಡಿದ್ದ.

ಅವಳಿಗೆ ಬೀದಿಯವರು ಇಟ್ಟ ಹೆಸರು ನಾಡಿದ್ದಕ್ಕ. ಪರದೆ 'ನಾಳೆ' ಎಂದರೆ ಅವಳು 'ನಾಡಿದ್ದು' ಎನ್ನುತ್ತಿದ್ದಳು, ಪಾರ್ಸೆಲ್ ನಾಡಿದ್ದೇ ಬರುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಆ ಕಿಟಕಿಯ ಹಿಂದೆ ಗುತ್ತಿಗೆಯ ಮೇಲೆ ಕೂತಿದ್ದಳು. ಗುತ್ತಿಗೆ ಪ್ರತಿ ಹನ್ನೊಂದು ತಿಂಗಳಿಗೆ ಮುಗಿದು ಮತ್ತೆ ಹುಟ್ಟುತ್ತಿತ್ತು. ನಡುವೆ ಒಂದು ದಿನ ಅವಳು ಕಂಪನಿಗೆ ಯಾರೂ ಅಲ್ಲ. ಆ ದಿನವೂ ಬಂದು ಕೂರುತ್ತಿದ್ದಳು, ಯಾಕೆಂದರೆ ಕಿಟಕಿ ತೆಗೆಯಲು ಬೇರೆ ಯಾರಿಗೂ ಬರುತ್ತಿರಲಿಲ್ಲ. ಹಳೆಯ ಕನ್ನಡಕದ ನಂಬರು ಕಣ್ಣಿಗಿಂತ ಮೂರು ಹಿಂದೆ ಉಳಿದಿತ್ತು. ಬಲಗಡೆಯ ಗಾಜಿನಲ್ಲಿ ಗೆರೆ ಬಿಟ್ಟಿತ್ತು, ಒಂದು ಕಡ್ಡಿಯನ್ನು ಹೊಲಿಗೆ ದಾರದಲ್ಲಿ ಬಿಗಿದಿತ್ತು. ಹಾಗಾಗಿ ಪರದೆಗೆ ಮೂಗು ಹಚ್ಚಿಯೇ ಓದಬೇಕು. ಹೊಸಬರು ಆಕೆ ಪಾರ್ಸೆಲ್ಲಿನ ವಾಸನೆ ನೋಡಿ ದಿನಾಂಕ ಹೇಳುತ್ತಾಳೆ ಎಂದು ತಿಳಿಯುತ್ತಿದ್ದರು.

ಸಂಜೆ ಕನ್ನಡಕದವನು ಲಕೋಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ನಾಡಿದ್ದಕ್ಕ ಅದನ್ನು ಅಲುಗಿಸಿದಳು. ಒಳಗೆ ಗಾಜು ಗಿಲಗಿಲ ಎಂದಿತು.

"ನಂದೇನಾ?" ಎಂದಳು.

"ನಿಮ್ದೇ ಅಕ್ಕ. ಬೇರೆ ಮಾಡಿಸ್ಕೊಡ್ತೀನಿ. ಪೂರ್ತಿ ನನ್ನದೇ ತಪ್ಪು."

"ಇಪ್ಪತ್ತೆರಡಕ್ಕೆ ಪರೀಕ್ಷೆ ಇದೆ ಅಣ್ಣ ನಂಗೆ."

ಆಗ ಅವನಿಗೆ ವಿಷಯ ಗೊತ್ತಾಯಿತು. ಗುತ್ತಿಗೆಯವರನ್ನು ಕಾಯಂ ಮಾಡಿಕೊಳ್ಳಲು ಕಂಪನಿ ಮೊದಲ ಬಾರಿ ಪರೀಕ್ಷೆ ಇಟ್ಟಿತ್ತು. ನೂರು ಪ್ರಶ್ನೆ, ಒಂದೂವರೆ ಗಂಟೆ, ಸಾಸಿವೆಯಂಥ ಅಕ್ಷರ. ನಲವತ್ತಾರು ತುಂಬಿದವರು ಬರೆಯುವಂತಿಲ್ಲ. ಮುಂದಿನ ತಿಂಗಳು ನಾಡಿದ್ದಕ್ಕನಿಗೆ ನಲವತ್ತಾರು ತುಂಬುತ್ತಿತ್ತು. ಎರಡು ಕೋಣೆಯ ಮನೆಯಲ್ಲಿ ಜೊತೆಗಿದ್ದ ನಾದಿನಿ, ಹೊಲಿಗೆ ಯಂತ್ರ ತುಳಿಯುತ್ತಲೇ, ಹಳೆಯ ಪ್ರಶ್ನೆಗಳನ್ನು ಓದಿ ಹೇಳಿ ಎರಡು ತಿಂಗಳಿಂದ ತಯಾರಿ ಮಾಡಿಸಿದ್ದಳು. ಪರೀಕ್ಷೆಯ ಕೋಣೆಗೆ ನಾದಿನಿಯನ್ನೂ ಹೊಲಿಗೆ ಯಂತ್ರವನ್ನೂ ಬಿಡುವುದಿಲ್ಲ.

"ಇಪ್ಪತ್ತು ದಿನ ಇದೆ. ಆರಾಮಾಗಿ ಬಂದುಬಿಡುತ್ತೆ" ಎಂದ ಕನ್ನಡಕದವನು, ಲೋಕದ ಎಲ್ಲ ಲಾರಿಗಳನ್ನೂ ತಾನೇ ಓಡಿಸುವವನಂತೆ.

ಆ ನಂಬರಿನ ಲೆನ್ಸು ತಯಾರಿಟ್ಟಿರುವುದಿಲ್ಲ. ದೂರದ ನಗರದಲ್ಲಿ ಹೇಳಿ ಉಜ್ಜಿಸಬೇಕು, ಆರು ಕೆಲಸದ ದಿನ ಬೇಕು. ಹನ್ನೊಂದನೇ ತಾರೀಕು ಬುಧವಾರ ಸಂಜೆ ಅದು ಅಲ್ಲಿಂದ ಹೊರಟಿತು. ಪರದೆ ಹದಿನಾಲ್ಕು ಎಂದಿತು. ಕನ್ನಡಕದವನು ಹಲ್ಲು ಬಿಡುತ್ತ ಕಿಟಕಿಗೆ ಬಂದ.

"ಶನಿವಾರ ಅಂತೆ ಅಕ್ಕ."

"ಶನಿವಾರ ಬರಲ್ಲ. ನಾಳೆ ಗುರುವಾರ ಆ ಊರಲ್ಲಿ ಸರ್ಕಾರಿ ರಜೆ. ನಾಡಿದ್ದು ಶುಕ್ರವಾರ ನಮ್ಮೂರಲ್ಲಿ ರಜೆ. ಅವರ ಪಟ್ಟಿ ಬೇರೆ, ನಮ್ಮ ಪಟ್ಟಿ ಬೇರೆ."

"ಒಂದೇ ರಜೆ ತಾನೇ ಲೆಕ್ಕ? ನಮ್ಮದು."

"ಹೊರಡೋ ಊರಿನ ರಜೆ, ತಲುಪೋ ಊರಿನ ರಜೆ ಎರಡೂ ಲೆಕ್ಕ. ದಾರೀಲಿ ಗೋದಾಮು ಇದ್ದ ಊರಿಗೆ ರಜೆ ಇದ್ರೆ ಅದೂ ಲೆಕ್ಕ. ನಂಗೆ ವರ್ಷಕ್ಕೆ ಹತ್ತು ರಜೆ. ಪಾರ್ಸೆಲ್ಲಿಗೆ ಹೋದ ಕಡೆಯೆಲ್ಲ ರಜೆ."

"ಮತ್ತೆ ಈ ಹದಿನಾಲ್ಕು?"

"ಅದು ಕಿಲೋಮೀಟರ್ ಲೆಕ್ಕ. ಬುಕ್ ಮಾಡಿದ ಕೂಡ್ಲೇ ಬರುತ್ತೆ. ರಜೆ ಪಟ್ಟಿ ಸೇರಿಸಿದ ಮೇಲೆ ಇನ್ನೊಂದು ಬರುತ್ತೆ. ದಿನಾಂಕ ನೋಡ್ಬೇಡಿ ಅಣ್ಣ. ಅದರ ಕೆಳಗೆ ಸಣ್ಣದಾಗಿ ಕೊನೇ ಸ್ಕ್ಯಾನ್ ಅಂತ ಇರುತ್ತಲ್ಲ, ಎಲ್ಲಿ, ಯಾವತ್ತು ಅಂತ, ಅದನ್ನ ನೋಡಿ. ಸ್ಕ್ಯಾನ್ ಅಂದ್ರೆ ಯಾರೋ ಒಬ್ಬ ಮನುಷ್ಯ ಪೆಟ್ಟಿಗೆ ಕೈಯಲ್ಲಿ ಹಿಡಿದಿದ್ದಾನೆ ಅಂತ. ದಿನಾಂಕನ ಯಾರೂ ಹಿಡಿದಿರಲ್ಲ."

ಮಾರನೇ ದಿನ ಪರದೆಯ ಮೇಲೆ ಹದಿನಾಲ್ಕು ಅಳಿದು ಹದಿನಾರು ಬಂತು. ಶನಿವಾರ ಕೊನೆಯ ಸ್ಕ್ಯಾನು ದೊಡ್ಡ ಗೋದಾಮಿನಲ್ಲಿ ಬಿತ್ತು. ಅದು ಎಪ್ಪತ್ತು ಕಿಲೋಮೀಟರು ದೂರದ ಕೂಡುರಸ್ತೆಯಲ್ಲಿತ್ತು. ಸುತ್ತಲಿನ ಊರುಗಳ ಸಾಮಾನೆಲ್ಲ ಅಲ್ಲಿ ವಿಂಗಡಣೆಯಾಗಿ ಬೇರೆ ಬೇರೆ ಲಾರಿಗೆ ಏರುತ್ತಿತ್ತು. ಭಾನುವಾರ ನಮ್ಮೂರಿನ ಲಾರಿ ಇಲ್ಲ. ಸೋಮವಾರ ಬೆಳಿಗ್ಗೆ ಲಾರಿಯವರು ಮುಷ್ಕರ ಹೂಡಿದರು. ಬೆಳಗಿನಿಂದ ಮಳೆಯೂ ಹಿಡಿದುಕೊಂಡಿತು. ಪರದೆ 'ಸಾರಿಗೆ ಮುಷ್ಕರದಿಂದ ವಿಳಂಬ' ಎಂದು ಬರೆದು ಇಪ್ಪತ್ತೊಂದು ತೋರಿಸಿತು.

ಇಪ್ಪತ್ತೊಂದು ಶನಿವಾರ, ಪರೀಕ್ಷೆ ಭಾನುವಾರ. ಕನ್ನಡಕದವನು ಕೊಡೆಯನ್ನೂ ಮಡಚದೆ ಕಿಟಕಿಗೆ ಬಂದ.

"ಇಪ್ಪತ್ತೊಂದೂ ಸುಳ್ಳು" ಎಂದಳು ನಾಡಿದ್ದಕ್ಕ. "ಮುಷ್ಕರ ಐದು ದಿನ ಅಂತ ಯಾರೋ ಮೇಲಿನವರು ಬರೆದಿದಾರೆ. ಅದು ಎಷ್ಟು ದಿನ ನಡೆಯುತ್ತೋ ಲಾರಿಯವರಿಗೇ ಗೊತ್ತಿಲ್ಲ. ಮುಗಿದ ಮೇಲೂ ಗೋದಾಮು ಖಾಲಿಯಾಗೋಕೆ ನಿಂತಷ್ಟೇ ದಿನ ಬೇಕು. ಮೊದಲು ಬಂದದ್ದು ಒಳಗೆ ಮೂಲೇಲಿರುತ್ತೆ, ಕಡೇಲಿ ಬಂದದ್ದು ಬಾಗಿಲಲ್ಲಿರುತ್ತೆ. ಬಾಗಿಲಲ್ಲಿರೋದು ಮೊದಲು ಲಾರಿ ಹತ್ತುತ್ತೆ."

"ನಮ್ಮದು ಮೂಲೇಲಾ?"

"ಶನಿವಾರ ಬಂದಿದೆ. ಮೂಲೇಲಿ. ಆದ್ರೆ ಒಂದು ದಾರಿ ಇದೆ. ಲಾರಿ ಇಲ್ಲ, ಬಸ್ಸು ಓಡ್ತಾ ಇದೆ. ಗೋದಾಮಿನಲ್ಲೇ ಎತ್ತಿ ಬೇರೆ ಇಡಿ, ಯಜಮಾನರೇ ಬಂದು ಒಯ್ತಾರೆ ಅಂತ ನಾನು ಕೋರಿಕೆ ಹಾಕ್ತೀನಿ. ವಿಳಾಸ ನಿಮ್ಮ ಅಂಗಡೀದು, ಹಾಗಾಗಿ ನೀವೇ ಹೋಗ್ಬೇಕು. ನನ್ನ ಕೈಗೆ ಕೊಡಲ್ಲ. ಗುರುತಿನ ಚೀಟಿ, ಅಂಗಡಿ ಮೊಹರು ತಗೊಂಡು ನಾಳೆ ಬೆಳಿಗ್ಗೆ ಆರೂವರೆ ಬಸ್ಸಿಗೆ ಹೊರಡಿ. ನಾಡಿದ್ದಲ್ಲ, ನಾಳೆ."

"ನಾನು ಹೋಗದೆ ಇನ್ನಾರು ಹೋಗ್ತಾರೆ ಅಕ್ಕ" ಎಂದ ಅವನು, ಎದೆ ತಟ್ಟಿಕೊಂಡು. ಮೊಹರನ್ನು ಅಂದೇ ಸಂಜೆ ಚೀಲಕ್ಕೆ ಹಾಕಿಟ್ಟ.

ಮಂಗಳವಾರ ಐದು ಗಂಟೆಗೆ ಎದ್ದ. ಎದ್ದವನು ಬಸ್‌ಸ್ಟ್ಯಾಂಡಿಗೆ ಹೋಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಮೊಬೈಲು ನೋಡಿದ. ರಾತ್ರಿ ಮುಷ್ಕರ ಹಿಂತೆಗೆದಿದ್ದರು. ಪರದೆಯ ಮೇಲೆ ಇಪ್ಪತ್ತೊಂದು ಹೋಗಿ ಹದಿನೆಂಟು ಬಂದಿತ್ತು. ಹದಿನೆಂಟು ಅಂದರೆ ನಾಳೆ, ಬುಧವಾರ.

ದಿನಾಂಕ ಮುಂದಕ್ಕೆ ಹೋಗುವುದನ್ನು ಅವನು ಎಷ್ಟೋ ಸಲ ಕಂಡಿದ್ದ. ಹಿಂದಕ್ಕೆ ಬಂದದ್ದನ್ನು ಕಂಡದ್ದು ಇದೇ ಮೊದಲು. ಇಷ್ಟು ಕಾಲ ನಂಬದೆ ಇದ್ದವನಿಗೆ ಅದು ತಾನಾಗಿ ಬಂದು ಕ್ಷಮೆ ಕೇಳಿದಂತಿತ್ತು. ಹೊರಗೆ ಮಳೆ ಹೊಯ್ಯುತ್ತಿತ್ತು. ಹಾಸಿಗೆ ಬೆಚ್ಚಗಿತ್ತು. ಹತ್ತು ಗಂಟೆಗೆ ಕಣ್ಣು ತೋರಿಸಲು ಮೂವರು ಬರುವವರಿದ್ದರು. ಎಪ್ಪತ್ತು ಕಿಲೋಮೀಟರು ಹೋಗಿ ತರುವುದನ್ನು ನಾಳೆ ಬಾಗಿಲಿಗೇ ತಂದುಕೊಡುತ್ತಾರೆ. ಕೆಳಗೆ ಸಣ್ಣದಾಗಿ ಕೊನೆಯ ಸ್ಕ್ಯಾನು ಇತ್ತು. ಊರಿನವರ ಕಣ್ಣಿಗೆಲ್ಲ ಸಣ್ಣ ಅಕ್ಷರ ಕಾಣುವಂತೆ ಮಾಡುವುದೇ ಅವನ ಕಸುಬು. ಅವನು ಅದನ್ನು ಓದಲಿಲ್ಲ. ಮಗ್ಗುಲು ಬದಲಿಸಿ ಮಲಗಿದ.

ಸಂಜೆ ಅವನು ಕಿಟಕಿಗೆ ಹೋದಾಗ ನಾಡಿದ್ದಕ್ಕ ಕೈ ಚಾಚಿದಳು, ಕೊಡಿ ಎನ್ನುವಂತೆ.

"ಹೋಗ್ಲಿಲ್ಲ ಅಕ್ಕ. ನೋಡಿ, ನಾಳೆಗೇ ಬಂತು" ಎಂದು ಮೊಬೈಲು ತೋರಿಸಿದ.

ಅವಳು ಮೊಬೈಲನ್ನು ಮೂಗಿನವರೆಗೆ ತಂದುಕೊಂಡಳು. 

"ಕೊನೇ ಸ್ಕ್ಯಾನ್ ಏನಿದೆ?"

"ಅದು... ಗೋದಾಮು."

"ಯಾವತ್ತು?"

"ಶನಿವಾರ."

"ಶನಿವಾರದಿಂದ ಅಲ್ಲಾಡದ ಪೆಟ್ಟಿಗೆ ನಾಳೆ ಹೇಗೆ ಬರುತ್ತೆ ಅಣ್ಣ? ಮುಷ್ಕರ ಮುಗೀತು ಅಂತ ಯಂತ್ರ ಮೂರು ದಿನ ಕಳೆದಿದೆ, ಅಷ್ಟೆ. ಸ್ಕ್ಯಾನ್ ಆಗದೆ ದಿನಾಂಕ ಹತ್ತಿರ ಬಂದ್ರೆ ಅದು ಲೆಕ್ಕ, ಪೆಟ್ಟಿಗೆ ಅಲ್ಲ." ಅವಳು ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. "ಅದೂ ಅಲ್ಲದೆ ನೀವು ಬರ್ತೀರಿ ಅಂತ ಅದನ್ನ ಎತ್ತಿ ಬೇರೆ ಇಡಿಸಿದೀನಿ. ಬೇರೆ ಇಟ್ಟದ್ದನ್ನ ಲಾರಿಗೆ ಹಾಕಲ್ಲ. ಇವತ್ತು ಎರಡು ಲಾರಿ ಹೊರಟಿವೆ. ಎರಡರಲ್ಲೂ ಅದಿಲ್ಲ."

"ಅದು ಕಂಪ್ಯೂಟರಿಗೆ ಗೊತ್ತಿಲ್ವಾ?"

"ಎತ್ತಿಡೋ ಪಟ್ಟಿ ಗೋದಾಮಿನವರ ಹತ್ರ ಇರುತ್ತೆ. ದಿನಾಂಕ ಹಾಕೋ ಯಂತ್ರ ಆ ಪಟ್ಟಿ ನೋಡಲ್ಲ. ನಂಗೆ ಗೊತ್ತು. ನಿಮಗೂ ಗೊತ್ತಿತ್ತು, ಹೇಳಿದ್ದೆ ಹೋಗಿ ಅಂತ."

 ಬುಧವಾರ ಆರೂವರೆಯ ಬಸ್ಸಿನಲ್ಲಿ ಮೊಹರಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕನ್ನಡಕದವನೇ ಮೊದಲು ಕೂತವನು. ನಲವತ್ತು ಕಿಲೋಮೀಟರು ಆದ ಮೇಲೆ ಬಸ್ಸು ನಿಂತಿತು. ಮುಂದೆ ಸೇತುವೆ ಇರಬೇಕಾದ ಕಡೆ ಕೆಂಪು ನೀರಿತ್ತು. ಕಂಬಿಯ ತುದಿಗಳು ಮಾತ್ರ ಬಾಚಣಿಗೆಯ ಹಲ್ಲಿನಂತೆ ಮೇಲೆ ಕಾಣುತ್ತಿದ್ದವು. ನಸುಕಿನಲ್ಲಿ ನೀರು ಏರಿತಂತೆ. ನಿನ್ನೆ ಇಡೀ ದಿನ ಬಸ್ಸುಗಳು ಓಡಾಡಿದ್ದವು ಎಂದು ಕಂಡಕ್ಟರು ಯಾರಿಗೋ ಹೇಳುತ್ತಿದ್ದ. ಯಾರಿಗೋ ಹೇಳಿದ್ದು ನೇರ ಇವನ ಎದೆಗೆ ಬಂದು ನಾಟಿತು. ಸುತ್ತು ದಾರಿಗೂ ಬಸ್ಸಿರಲಿಲ್ಲ. ದಡದ ಮೇಲೆ ನಿಂತು ಅವನು ಆಚೆ ದಡ ನೋಡಿದ. ಅಲ್ಲಿಂದ ಮೂವತ್ತು ಕಿಲೋಮೀಟರು ದೂರದಲ್ಲಿ, ನೀರು ತಾಗದ ಗೋದಾಮಿನಲ್ಲಿ, ಎಲ್ಲಕ್ಕಿಂತ ಮುಂದೆ ಬೇರೆಯೇ ಎತ್ತಿಟ್ಟ ಪೆಟ್ಟಿಗೆಯೊಂದು ಅವನಿಗಾಗಿ ಕಾಯುತ್ತಿತ್ತು.

ಗುರುವಾರ ಪರದೆ 'ಶುಕ್ರವಾರ' ಎಂದಿತು. ಶುಕ್ರವಾರ 'ಶನಿವಾರ' ಎಂದಿತು. ಬೆಳಿಗ್ಗೆ ಹೊತ್ತು ಹುಟ್ಟಿದಂತೆ ಒಂದೊಂದು ದಿನ ಹುಟ್ಟಿ ಬರುತ್ತಿತ್ತು.

"ದಿನಾ ಒಂದೊಂದೇ ದಿನ ಜರುಗ್ತಾ ಇದ್ರೆ ಯಾರೂ ಅದನ್ನ ನೋಡ್ತಾ ಇಲ್ಲ ಅಂತ ಅರ್ಥ" ಎಂದಳು ನಾಡಿದ್ದಕ್ಕ. "ರಸ್ತೆ ಮುಚ್ಚಿದೆ ಅಂತ ಗೋದಾಮಿನವರು ಬರೆದು ಹಾಕೋವರೆಗೂ ಯಂತ್ರಕ್ಕೆ ನೀರು ಕಾಣಲ್ಲ."

ಶನಿವಾರ ಯಾರೋ ಬರೆದು ಹಾಕಿದರು. ದಿನಾಂಕವೇ ಮಾಯವಾಗಿ, 'ಪ್ರವಾಹ. ದಿನಾಂಕ ನಂತರ ತಿಳಿಸಲಾಗುವುದು' ಎಂದು ಬಂತು. ಸಾಲಿನಲ್ಲಿದ್ದವರೆಲ್ಲ ಗೊಣಗಿದರು. ನಾಡಿದ್ದಕ್ಕ ಮಾತ್ರ ತಲೆದೂಗಿದಳು. "ಹತ್ತು ದಿನದಲ್ಲಿ ಇದು ಹೇಳಿದ ಮೊದಲನೇ ನಿಜ" ಎಂದಳು. "ಎತ್ತಿಡೋ ಕೋರಿಕೆ ನಾನು ವಾಪಸ್ ತಗೊಂಡಿದೀನಿ. ಇನ್ನು ಸುತ್ತು ದಾರೀಲಿ ಲಾರಿಗೆ ಹಾಕಿ ಕಳಿಸ್ತಾರೆ. ಮಂಗಳವಾರ ಬರುತ್ತೆ."

ಶನಿವಾರ ಸಂಜೆ ಕನ್ನಡಕದವನು ಕೊನೆಯ ಉಪಾಯವೊಂದನ್ನು ಹೊತ್ತುಕೊಂಡು ಅವಳ ಮನೆಗೆ ಹೋದ. ಅಂಗಡಿಯಲ್ಲಿ ನಂಬರು ಪರೀಕ್ಷಿಸುವಾಗ ಗಿರಾಕಿಯ ಮೂಗಿನ ಮೇಲೆ ಕೂರಿಸುವ, ಸುತ್ತ ಡಿಗ್ರಿ ಕೊರೆದ, ತಿರುಪುಗಳಿರುವ ಕಬ್ಬಿಣದ ಚೌಕಟ್ಟು ಅದು. ಅದರೊಳಗೆ ಪೆಟ್ಟಿಗೆಯಿಂದ ಆರಿಸಿದ ದುಂಡು ಗಾಜುಗಳನ್ನು ಸಿಕ್ಕಿಸಿ ಅವಳ ನಂಬರು ಕೂಡಿಸಿದ್ದ. ನಾಡಿದ್ದಕ್ಕ ಹಾಕಿಕೊಂಡಳು. ನಾದಿನಿ ಹೊಲಿಗೆ ನಿಲ್ಲಿಸಿದಳು.

"ಅತ್ತಿಗೆ, ಗಡಿಯಾರ ರಿಪೇರಿಯವನ ಥರ ಕಾಣ್ತೀರಿ."

"ಕಾಣೋದಕ್ಕೇನು. ನಂಗೆ ಕಾಣುತ್ತೆ" ಎನ್ನುತ್ತ ನಾಡಿದ್ದಕ್ಕ ಗೋಡೆಯ ಕ್ಯಾಲೆಂಡರಿನ ಅತಿ ಸಣ್ಣ ಸಾಲನ್ನು, ಅಚ್ಚುಹಾಕಿದ ಮುದ್ರಣಾಲಯದ ವಿಳಾಸವನ್ನು, ಕೂತಲ್ಲಿಂದಲೇ ಓದಿದಳು. ಓದಿ ಸ್ವಲ್ಪ ನಕ್ಕಳು. ಕನ್ನಡಕದವನು ಅವಳು ನಕ್ಕದ್ದನ್ನು ಕಂಡದ್ದು ಅದೊಂದೇ ಸಲ. ತಲೆ ಬಗ್ಗಿಸಿದರೆ ಗಾಜು ಉದುರುತ್ತವೆ, ನೆಟ್ಟಗೆ ಕೂತು ಬರೆಯಬೇಕು ಎಂದು ಹೇಳಿಕೊಟ್ಟ.

ಭಾನುವಾರ ಪರೀಕ್ಷೆಯ ಬಾಗಿಲಲ್ಲಿ ಮೇಲ್ವಿಚಾರಕ ತಡೆದ. ಒಳಗೆ ಯಾವ ಉಪಕರಣವೂ ಇಲ್ಲವೆಂದು ನಿಯಮವಿತ್ತು. ಇದು ಕನ್ನಡಕ ಎಂದಳು. ಕನ್ನಡಕಕ್ಕೆ ತಿರುಪು ಯಾಕಿರುತ್ತೆ, ಡಿಗ್ರಿ ಯಾಕಿರುತ್ತೆ ಎಂದ. ಹೊರಗೆ ನಿಂತಿದ್ದ ಕನ್ನಡಕದವನು ನುಗ್ಗಿ, "ಸ್ವಾಮಿ, ನಾನೇ ಕೂಡಿಸಿದ್ದು, ಇದರಲ್ಲಿ ಗಾಜು ಬಿಟ್ರೆ ಏನೂ ಇಲ್ಲ" ಎಂದ.

"ನೀವ್ಯಾರು?"

"ಕನ್ನಡಕದಂಗಡಿ."

"ಕನ್ನಡಕದಂಗಡಿಯವರು ಒಂದು ಕನ್ನಡಕ ಮಾಡಿಕೊಡಬಹುದಿತ್ತಲ್ಲ" ಎಂದ ಮೇಲ್ವಿಚಾರಕ. ಅವನು ಚುಚ್ಚಲು ಹೇಳಿದ್ದಲ್ಲ. ಪಾಪ, ನಿಜವಾಗಿಯೂ ತಿಳಿಯದೆ ಕೇಳಿದ್ದ.

ಚೌಕಟ್ಟು ಹೊರಗಿನ ಮೇಜಿನ ಮೇಲೆ, ಮೊಬೈಲುಗಳ ಪಕ್ಕದಲ್ಲಿ ಉಳಿಯಿತು. ನಾಡಿದ್ದಕ್ಕ ದಾರ ಸುತ್ತಿದ ಕನ್ನಡಕದೊಂದಿಗೆ ಒಳಗೆ ಹೋದಳು. ಆಮೇಲೆ ಅದನ್ನೂ ತೆಗೆದಿಟ್ಟು, ಹಾಳೆಯ ಮೇಲೆ ಮೂಗು ಹೊರಳಿಸುತ್ತ ಸಾಲು ಸಾಲಾಗಿ ಓದಿದಳಂತೆ. ಗಂಟೆ ಹೊಡೆದಾಗ ಅರವತ್ತೊಂದನೇ ಪ್ರಶ್ನೆಯಲ್ಲಿದ್ದಳು. ಪಾಸಾಗಲು ಎಪ್ಪತ್ತು ಬೇಕಿತ್ತು.

"ಓದಿದ್ದೆಲ್ಲ ಗೊತ್ತಿತ್ತು" ಎಂದಳು ಹೊರಗೆ ಬಂದು. ಮೂಗಿನ ತುದಿಗೆ ಶಾಯಿ ಹತ್ತಿತ್ತು. ಅವನು ಹೇಳಲಿಲ್ಲ. "ಒಂದು ಪ್ರಶ್ನೆ ನಮ್ಮದೇ ಇತ್ತು. ಬುಧವಾರ ಬುಕ್ ಆದ ಪಾರ್ಸೆಲ್ಲು, ನಡುವೆ ಒಂದು ರಜೆ, ಯಾವತ್ತು ತಲುಪುತ್ತೆ ಅಂತ. ಅವರಿಗೆ ಬೇಕಾದ್ದು ಶನಿವಾರ. ಶನಿವಾರಕ್ಕೇ ಗುರುತು ಹಾಕಿದೆ."

ಪಾರ್ಸೆಲ್ಲು ಮಂಗಳವಾರ, ಇಪ್ಪತ್ನಾಲ್ಕಕ್ಕೆ ಬಂತು. ಬೆಳಿಗ್ಗೆಯೇ ಪರದೆಯಲ್ಲಿ ಹೊಸ ದಿನಾಂಕ ಇಪ್ಪತ್ನಾಲ್ಕು ಎಂದು ಬಿದ್ದಿತ್ತು. ಸಂಜೆ ಕೈಸೇರಿದ ಮೇಲೆ ಅದರ ಪಕ್ಕ ಹಸಿರು ಅಕ್ಷರದಲ್ಲಿ 'ಸಕಾಲದಲ್ಲಿ ತಲುಪಿದೆ' ಎಂದು ಮೂಡಿತು. ಕಂಪನಿ ಲೆಕ್ಕ ಹಿಡಿಯುವುದು ಕೊನೆಯ ದಿನಾಂಕಕ್ಕೆ. ಆ ಲೆಕ್ಕದಲ್ಲಿ ಆ ತಿಂಗಳು ಯಾವ ಪಾರ್ಸೆಲ್ಲೂ ತಡವಾಗಿರಲಿಲ್ಲ. ಅದಕ್ಕಾಗಿ ಶಾಖೆಗೆ ಚೌಕಟ್ಟು ಹಾಕಿದ ಪ್ರಶಂಸಾಪತ್ರ ಬಂದು ನಾಡಿದ್ದಕ್ಕನ ತಲೆಯ ಮೇಲಿನ ಮೊಳೆಗೆ ನೇತುಬಿತ್ತು. ಅವಳ ಗುತ್ತಿಗೆ ಇನ್ನು ಮೂರು ವಾರಕ್ಕೆ ಮುಗಿಯುವುದಿತ್ತು. ನಡುವಿನ ಒಂದು ದಿನ ಈ ವರ್ಷವೂ ಬಂದು ಕೂರುವೆಯಾ ಎಂದು ಮೇಲಿನವರು ಆಗಲೇ ವಿಚಾರಿಸಿದ್ದರು.

ಬುಧವಾರ ಮಧ್ಯಾಹ್ನ ಕನ್ನಡಕದವನು ಲೆನ್ಸು ಕೂರಿಸಿ, ಹೊಸ ಕನ್ನಡಕವನ್ನು ಎರಡು ಸಲ ಒರೆಸಿ ತಂದ. ಕಿಟಕಿಯ ಮುಂದೆ, ಕೆಂಪಕ್ಷರದ ಇನ್ನೊಂದು ರಟ್ಟಿನ ಪೆಟ್ಟಿಗೆಯ ಪಕ್ಕದಲ್ಲಿ, ತುದಿಗಾಲಲ್ಲಿ ನಿಂತು ಕೈ ಒಳಗೆ ಚಾಚಿದ. ನಾಡಿದ್ದಕ್ಕ ದಾರದ ಕನ್ನಡಕ ತೆಗೆದಿಟ್ಟು ಹೊಸದನ್ನು ಹಾಕಿಕೊಂಡಳು. ಪರದೆ ನೋಡಿದಳು, ಅವನನ್ನು ನೋಡಿದಳು, ಅವನ ಹಿಂದಿನ ಸಾಲನ್ನು ನೋಡಿದಳು. ಅವಳ ಮೂಗು ಪರದೆಯಿಂದ ಇಷ್ಟು ದೂರವಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಏನಾದರೂ ಹೇಳಲಿ, ಬೈಯಲಿ ಎಂದು ಅವನು ಕಾದ.  ಕೊನೆಗೆ ಅವನೇ ಕೇಳಿದ.

"ಸರಿಯಾಗಿ ಕಾಣುತ್ತಾ ಅಕ್ಕ?"

ಅವಳು ಕಟ್ಟೆಯ ಮೇಲಿಂದ ಸ್ವಲ್ಪ ಬಗ್ಗಿ ಕೆಳಗೆ, ಅವನ ಕಾಲ ಕಡೆ ನೋಡಿದಳು.

"ಕಾಣುತ್ತೆ ಅಣ್ಣ. ಆ ಪೆಟ್ಟಿಗೆ ಮೇಲೆ 'ಇದರ ಮೇಲೆ ನಿಲ್ಲಬೇಡಿ' ಅಂತ ಬರೆದಿದೆ."